ಚೀಲಕ್ಕೆ 10 ಸಾವಿರವಾದಾಗ ಪುಡಿಗೆ ಎಷ್ಟು?

2024ರ ಏಪ್ರಿಲ್‌ನಲ್ಲಿ ಕೊಡಗಿನಲ್ಲಿ ರೊಬಸ್ಟಾ ಚೆರಿ ಕಾಫಿ 50 ಕೆ.ಜಿ. ಚೀಲಕ್ಕೆ 10 ಸಾವಿರ ರೂಪಾಯಿ ದಾಟಿತು. ಎಷ್ಟೋ ವರ್ಷ 3-4 ಸಾವಿರದ ಆಚೀಚೆಯೇ ಸುತ್ತುತ್ತಿದ್ದ ಬೆಲೆ ಅದು. ತೋಟದವರ ಮನೆಗಳಲ್ಲಿ ಹಳೇ ಸಾಲ ತೀರಿತು, ಮನೆಗೆ ಬಣ್ಣ ಬಂತು. ಅದೇ ತಿಂಗಳು ಮಡಿಕೇರಿಯಲ್ಲಿ ಕಾಫಿ ಪುಡಿ ಅಂಗಡಿ ಇಟ್ಟುಕೊಂಡಿರುವ ನನ್ನ ಚಿಕ್ಕಪ್ಪನಿಗೆ ನಿದ್ದೆ ಬರುತ್ತಿರಲಿಲ್ಲ. ಬೀಜ ಕೊಡುವ ವ್ಯಾಪಾರಿ ಫೋನ್ ಮಾಡಿ, "ನಿನ್ನೆಯ ರೇಟಿಗೆ ಇವತ್ತು ಕೊಡೋಕಾಗಲ್ಲ ಅಣ್ಣ" ಎಂದಿದ್ದ. ವಾರದೊಳಗೆ ಮೂರು ಸಲ ಹಾಗೆ ಹೇಳಿದ.

ಬೀಜ ಏರಿದರೆ ಪುಡಿ ಏರಬೇಕು, ಅಷ್ಟು ಎಲ್ಲರಿಗೂ ಗೊತ್ತು. ಎಷ್ಟು ಏರಬೇಕು, ಯಾವತ್ತಿನಿಂದ, ಯಾರಿಗೆ ಎಷ್ಟು ಎನ್ನುವಲ್ಲಿ ಅಂಗಡಿಗಳು ಎಡವುತ್ತವೆ. ಕೆಲವರು ಗಿರಾಕಿ ಹೋದಾರು ಎಂದು ಎಲ್ಲವನ್ನೂ ನುಂಗಿ ಕೂರುತ್ತಾರೆ. ಕೆಲವರು ಇದೇ ಸಮಯ ಎಂದು ಜಾಸ್ತಿಯೇ ಏರಿಸುತ್ತಾರೆ. ಇನ್ನು ಕೆಲವರು "ಅರ್ಧ ನಮಗೆ, ಅರ್ಧ ನಿಮಗೆ" ಎನ್ನುತ್ತಾರೆ. ಕೇಳಲು ಈ ಮೂರನೆಯದು ನ್ಯಾಯವಾಗಿದೆ. ಆದರೆ ಲೆಕ್ಕಕ್ಕೆ ಕೂತರೆ ಕಾಫಿ ಪುಡಿಯಂಥ ವ್ಯಾಪಾರದಲ್ಲಿ ತುಂಬಾ ದುಬಾರಿಯಾಗುವುದು ಅದೇ. ಅಂದು ಚಿಕ್ಕಪ್ಪನ ಜೊತೆ ಕೂತು ಮಾಡಿದ ಲೆಕ್ಕವನ್ನೇ ಇಲ್ಲಿ ಇಡುತ್ತೇನೆ. ಸುಲಭವಾಗಲಿ ಎಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಅರೇಬಿಕಾ ಬಿಟ್ಟು ರೊಬಸ್ಟಾ ಒಂದನ್ನೇ ಹಿಡಿದಿದ್ದೇನೆ.

ಮೊದಲು ವ್ಯಾಪಾರಿ ಹೇಳಿದ ಏರಿಕೆ ಸರಿಯೇ ಎಂದು ನೋಡಬೇಕು. ಇದು ಕೊಡಗಿನಲ್ಲಿ ಕಷ್ಟವಿಲ್ಲ, ಏಕೆಂದರೆ ಚೀಲದ ಬೆಲೆ ಇಲ್ಲಿ ಎಲ್ಲರ ಬಾಯಲ್ಲೂ ಇರುತ್ತದೆ. ತೋಟದಿಂದ ಬರುವ ಚೆರಿ ಎಂದರೆ ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿದ್ದು. ಸಿಪ್ಪೆ ಅದರ ಮೇಲೇ ಇರುತ್ತದೆ. 50 ಕೆ.ಜಿ. ಚೀಲವನ್ನು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಿಪ್ಪೆ ಬಿಡಿಸಿದರೆ ಸಾಮಾನ್ಯವಾಗಿ 26ರಿಂದ 28 ಕೆ.ಜಿ. ಬೀಜ ಸಿಗುತ್ತದೆ. ಇದನ್ನೇ ಔಟ್‌ಟರ್ನ್ ಎನ್ನುವುದು. ನಡುವಿನ 27 ಹಿಡಿದುಕೊಳ್ಳಿ. ಚೀಲಕ್ಕೆ 1,000 ರೂಪಾಯಿ ಏರಿದರೆ ಬೀಜಕ್ಕೆ ಕೆ.ಜಿ.ಗೆ ಸುಮಾರು 37 ರೂಪಾಯಿ ಏರಬೇಕು. ಚೀಲ 1,000 ಏರಿದಾಗ ವ್ಯಾಪಾರಿ ಬೀಜಕ್ಕೆ 60 ಏರಿಸಿದರೆ, "ಉಳಿದ 23 ಯಾವುದಕ್ಕೆ?" ಎಂದು ಕೇಳುವ ಹಕ್ಕು ಅಂಗಡಿಯವನಿಗೆ ಇದೆ. ಕೆಲವು ಸಲ ಅದಕ್ಕೆ ಕಾರಣವೂ ಇರುತ್ತದೆ. ಔಟ್‌ಟರ್ನ್ ಕಮ್ಮಿ ಬಂದಿರಬಹುದು. ಇಲ್ಲವೇ ಬೀಜ ಮೊದಲಿಗಿಂತ ದಪ್ಪ ಗ್ರೇಡ್‌ನದ್ದಾಗಿರಬಹುದು. ಆದರೂ ಕೇಳಬೇಕು. ಗಿರಾಕಿಯ ಮೇಲೆ ಹೊರಿಸುವ ಮೊದಲು, ಹೊರೆ ನಿಜವಾಗಿ ಎಷ್ಟು ತೂಗುತ್ತದೆ ಎಂದು ತಿಳಿಯಬೇಕಲ್ವಾ?

ಏರಿಕೆ ನಾಲ್ಕು ದಿನದ್ದೋ ನಿಲ್ಲುವಂಥದ್ದೋ ಎಂದು ಊಹಿಸುವುದು ಎರಡನೆಯ ಕೆಲಸ. 2024ರಲ್ಲಿ ಕಾರಣ ಕೊಡಗಿನಲ್ಲಿ ಇರಲಿಲ್ಲ. ಪ್ರಪಂಚದಲ್ಲೇ ಅತಿ ಹೆಚ್ಚು ರೊಬಸ್ಟಾ ಬೆಳೆಯುವ ವಿಯೆಟ್ನಾಂನಲ್ಲಿ ಬರ ಬಿದ್ದಿತ್ತು. ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಬೆಲೆ ತಿಂಗಳುಗಳಿಂದ ಹತ್ತುತ್ತಲೇ ಇತ್ತು. ನಮ್ಮ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೇ ಹೋಗುವುದರಿಂದ ಲಂಡನ್ನಿನ ಬೆಲೆ ಗೋಣಿಕೊಪ್ಪದ ಗೋದಾಮಿಗೆ ಮರುದಿನವೇ ಬಂದು ಮುಟ್ಟುತ್ತದೆ. ಅದರ ಜೊತೆಗೆ ಇನ್ನೊಂದು. ಬೆಲೆ ಏರುವಾಗ ಬೆಳೆಗಾರರು, ಇನ್ನೂ ಏರುತ್ತೆ ಎಂದು ಚೀಲವನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಅವರನ್ನು ತಪ್ಪು ಹೇಳಲಾಗದು, ಅವರೂ ವರ್ಷಗಟ್ಟಲೆ ನಷ್ಟ ನೋಡಿದವರು. ಆದರೆ ಅದರಿಂದ ಪೇಟೆಯಲ್ಲಿ ಬೀಜ ಸಿಗುವುದೇ ಕಷ್ಟವಾಗಿ, ಒಂದು ವಾರದ ಏರಿಕೆ ಇನ್ನಷ್ಟು ಕಡಿದಾಗುತ್ತದೆ. ರೊಬಸ್ಟಾ ಕೊಯ್ಲು ನಡೆಯುವುದು ಜನವರಿಯಿಂದ ಮಾರ್ಚ್‌ವರೆಗೆ. ಏಪ್ರಿಲ್‌ನಲ್ಲಿ ಏರಿದ್ದು ಹೊಸ ಬೆಳೆ ಬರುವವರೆಗೆ ಅಷ್ಟು ಸುಲಭವಾಗಿ ಇಳಿಯುವುದಿಲ್ಲ ಎಂದೇ ನಾವು ಲೆಕ್ಕ ಹಿಡಿದೆವು.

ಈಗ ಪುಡಿಯ ಲೆಕ್ಕಕ್ಕೆ ಬರೋಣ.

ಚಿಕ್ಕಪ್ಪನ ಅಂಗಡಿಯಲ್ಲಿ ಹೆಚ್ಚು ಹೋಗುವುದು 80 ಪಾಲು ಕಾಫಿ, 20 ಪಾಲು ಚಿಕೋರಿ. ಬೀಜ ಹುರಿಯುವಾಗ ತೇವ ಹಾರಿ ತೂಕ ಇಳಿಯುತ್ತದೆ. 1 ಕೆ.ಜಿ. ಹುರಿದ ಕಾಫಿ ಸಿಗಬೇಕಾದರೆ ಸುಮಾರು 1.2 ಕೆ.ಜಿ. ಹಸಿ ಬೀಜ ಬೇಕು. 1 ಕೆ.ಜಿ. ಮಿಶ್ರಣದಲ್ಲಿ ಹುರಿದ ಕಾಫಿ 800 ಗ್ರಾಂ. ಅದಕ್ಕೆ ಬೇಕಾದ ಹಸಿ ಬೀಜ 960 ಗ್ರಾಂ. ಈ 960 ಗ್ರಾಂ ಎನ್ನುವ ಅಂಕಿಯೇ ಇಡೀ ವಿಷಯದ ಬೀಗದ ಕೈ, ಅದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಏರುವ ಮೊದಲು ಬೀಜ ಕೆ.ಜಿ.ಗೆ 300 ರೂಪಾಯಿ. 960 ಗ್ರಾಂಗೆ 288. ಚಿಕೋರಿಗೆ 30. ಹುರಿಯುವ ಗ್ಯಾಸ್, ಕರೆಂಟು, ಕವರು ಇತ್ಯಾದಿಗೆ 30. ಬಾಡಿಗೆ ಮತ್ತು ಇಬ್ಬರು ಹುಡುಗರ ಸಂಬಳ ತಿಂಗಳಿಗೆ 24 ಸಾವಿರ. ತಿಂಗಳಿಗೆ 600 ಕೆ.ಜಿ. ಪುಡಿ ಹೋಗುತ್ತಿತ್ತು, ಹಾಗಾಗಿ ಕೆ.ಜಿ.ಗೆ 40. ಒಟ್ಟು ಅಸಲು 388 ರೂಪಾಯಿ. ಮಾರುತ್ತಿದ್ದುದು 450ಕ್ಕೆ. ಕೈಗೆ ಉಳಿಯುತ್ತಿದ್ದುದು ಕೆ.ಜಿ.ಗೆ 62, ತಿಂಗಳಿಗೆ 37,200. ಅದರಲ್ಲೇ ಅವರ ಮನೆ ನಡೆಯಬೇಕು.

ಬೀಜ 300ರಿಂದ 400 ಆಯಿತು. 960 ಗ್ರಾಂಗೆ ಈಗ 384. ಅಂದರೆ ಒಂದು ಕೆ.ಜಿ. ಪುಡಿಯ ಅಸಲು 96 ರೂಪಾಯಿ ಏರಿ 484 ಆಯಿತು. ಹಳೇ 450ಕ್ಕೇ ಮಾರಿದರೆ ಪ್ರತಿ ಕೆ.ಜಿ.ಗೆ 34 ರೂಪಾಯಿ ಕೈಯಿಂದ ಹೋಗುತ್ತದೆ. ಪೂರ್ತಿ ನುಂಗುವ ಮಾತು ಅಲ್ಲಿಗೇ ಮುಗಿಯಿತು. ನುಂಗಬಹುದಾದದ್ದು ಚಿಕ್ಕ ಏರಿಕೆಯನ್ನು ಮಾತ್ರ. ಕವರಿನ ಬೆಲೆ ಏರಿ ಕೆ.ಜಿ.ಗೆ ಒಂದು ರೂಪಾಯಿ ಜಾಸ್ತಿಯಾದರೆ ಅದಕ್ಕಾಗಿ ಬೋರ್ಡ್ ಬದಲಿಸುವುದು ಬೇಡ. ಆದರೆ ಅಸಲಿನ ಮುಕ್ಕಾಲು ಪಾಲು ಬೀಜವೇ ಆಗಿರುವಾಗ, ಆ ಬೀಜ ಮೂರನೇ ಒಂದು ಪಾಲು ಏರಿದರೆ ಅದನ್ನು ನುಂಗುವಷ್ಟು ದೊಡ್ಡ ಹೊಟ್ಟೆ ಯಾವ ಸಣ್ಣ ಅಂಗಡಿಗೂ ಇರುವುದಿಲ್ಲ.

ಹಾಗಾದರೆ ಅರ್ಧ-ಅರ್ಧ? ಚಿಕ್ಕಪ್ಪನ ಮೊದಲ ಮಾತೂ ಅದೇ ಆಗಿತ್ತು. "48 ಏರಿಸೋಣ, 48 ನಾನು ಹೊರ್ತೀನಿ. ಹಳೇ ಗಿರಾಕಿಗಳು" ಎಂದರು. ಆ ಮಾತಿನ ಹಿಂದಿನ ಮನಸ್ಸು ನನಗೆ ಗೊತ್ತು, ಅದಕ್ಕೆ ನಾನು ಬೆಲೆ ಕೊಡುತ್ತೇನೆ. ಆದರೆ ಲೆಕ್ಕ ಹೀಗಿತ್ತು. ಬೀಜ, ಚಿಕೋರಿ, ಗ್ಯಾಸು, ಕವರು ಕಳೆದು ಮೊದಲು ಕೆ.ಜಿ.ಗೆ 102 ರೂಪಾಯಿ ಉಳಿಯುತ್ತಿತ್ತು. ಅದರಿಂದಲೇ ಬಾಡಿಗೆ, ಸಂಬಳ, ಮನೆ ಎಲ್ಲವೂ. ಅರ್ಧ ಹೊತ್ತರೆ ಉಳಿಯುವುದು 54. ಒಬ್ಬ ಗಿರಾಕಿಯೂ ಹೋಗದೆ 600 ಕೆ.ಜಿ.ಯೂ ಮಾರಾಟವಾದರೂ 32,400. ಬಾಡಿಗೆ-ಸಂಬಳದ 24 ಸಾವಿರ ಕಳೆದರೆ ಮನೆಗೆ 8,400. ಏರಿಕೆಯ ಅರ್ಧ ಹೊತ್ತದ್ದಕ್ಕೆ ಆದಾಯದ ಮುಕ್ಕಾಲಿಗಿಂತ ಜಾಸ್ತಿ ಹೋಯಿತು.

ಇದನ್ನೇ ತಿರುಗಿಸಿ ನೋಡಿ. 96 ರೂಪಾಯಿಯನ್ನೂ ಪೂರ್ತಿ ದಾಟಿಸಿ 546ಕ್ಕೆ ಮಾರಿದರೆ ಕೆ.ಜಿ.ಗೆ ಮತ್ತೆ 102 ಉಳಿಯುತ್ತದೆ. ಆಗ 32,400 ಬರಬೇಕಾದರೆ ಎಷ್ಟು ಮಾರಬೇಕು? 318 ಕೆ.ಜಿ. ಸಾಕು. ಅಂದರೆ ಬೆಲೆ ಏರಿಸಿದ್ದರಿಂದ 282 ಕೆ.ಜಿ. ವ್ಯಾಪಾರ, ಹತ್ತಿರಹತ್ತಿರ ಅರ್ಧ, ಕೈಬಿಟ್ಟು ಹೋದರೆ ಮಾತ್ರ ಅರ್ಧ-ಅರ್ಧದ ದಾರಿಗೆ ಸಮ. ದಿನಾ ಬೆಳಿಗ್ಗೆ ಕಾಫಿ ಕುಡಿಯುವ ಊರಿನಲ್ಲಿ, ಅಕ್ಕಪಕ್ಕದ ಅಂಗಡಿಗಳಿಗೂ ಅದೇ ಬೀಜ ಅದೇ ಬೆಲೆಗೆ ಸಿಗುತ್ತಿರುವಾಗ, ಅರ್ಧ ವ್ಯಾಪಾರ ಹೋಗುವುದಿಲ್ಲ. ಈ ಒಂದು ಲೆಕ್ಕ ಮಾಡದೆ ಯಾವ ಅಂಗಡಿಯೂ ಏರಿಕೆಯನ್ನು ಹಂಚಿಕೊಳ್ಳಲು ಒಪ್ಪಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಲಾಭ ದಪ್ಪಗಿರುವ ವ್ಯಾಪಾರದಲ್ಲಿ ಉತ್ತರ ಬೇರೆ ಬರಬಹುದು. ಅಸಲಿನಲ್ಲಿ ಒಂದೇ ವಸ್ತು ತುಂಬಿಕೊಂಡು ಲಾಭ ತೆಳ್ಳಗಿರುವ ವ್ಯಾಪಾರದಲ್ಲಿ ಉತ್ತರ ಹೀಗೆಯೇ ಬರುತ್ತದೆ.

ಇನ್ನೊಂದು ಕಡೆಯ ತಪ್ಪೂ ಇದೆ. ಬೀಜ ಶೇಕಡಾ 33 ಏರಿತು, ಪುಡಿಯೂ ಶೇಕಡಾ 33 ಏರಲಿ ಎಂದು 450ನ್ನು 600 ಮಾಡುವುದು. ಇದು ಕೇಳಲು ಸರಿಯಾಗಿಯೇ ಇದೆ. ಆದರೆ ಬಾಡಿಗೆ ಏರಿಲ್ಲ, ಚಿಕೋರಿ ಏರಿಲ್ಲ, ಸಂಬಳ ಏರಿಲ್ಲ. ಏರಿದ್ದು 96 ರೂಪಾಯಿ, ಏರಿಸಿದ್ದು 150. ಉಳಿಕೆ 62ರಿಂದ 116ಕ್ಕೆ ಹಾರುತ್ತದೆ. ಬೇರೆ ಊರಲ್ಲಿ ಇದು ಯಾರ ಗಮನಕ್ಕೂ ಬರದೆ ಹೋಗಬಹುದು. ಕೊಡಗಿನಲ್ಲಿ ಹಾಗಲ್ಲ. ಶುಕ್ರವಾರದ ಸಂತೆಗೆ ಬಂದು ಅರ್ಧ ಕೆ.ಜಿ. ಪುಡಿ ಕಟ್ಟಿಸಿಕೊಳ್ಳುವವರಲ್ಲಿ ಎಷ್ಟೋ ಮಂದಿ ತಾವೇ ಬೆಳೆಗಾರರು. ಚೀಲದ ಬೆಲೆ, ಔಟ್‌ಟರ್ನ್ ಎರಡೂ ಅವರಿಗೆ ಅಂಗಡಿಯವನಿಗಿಂತ ಚೆನ್ನಾಗಿ ಗೊತ್ತು. ಕೌಂಟರಿನ ಆಚೆ ನಿಂತಿರುವವರೇ ಒಂದು ಲೆಕ್ಕದಲ್ಲಿ ಈಚೆಯವನಿಗೆ ಸರಕು ಕೊಟ್ಟವರು. ಅಂಥವರ ಮುಂದೆ ಶೇಕಡಾ ಲೆಕ್ಕ ನಿಲ್ಲುವುದಿಲ್ಲ, ರೂಪಾಯಿ ಲೆಕ್ಕ ಮಾತ್ರ ನಿಲ್ಲುತ್ತದೆ.

ಬೆಳೆಗಾರರ ಮಾತು ಬಂತು, ಇನ್ನೊಂದು ಹೇಳಿಬಿಡುತ್ತೇನೆ. ತಮ್ಮ ತೋಟದ ಬೀಜವನ್ನೇ ತಂದು ಹುರಿಸಿ ಪುಡಿ ಮಾಡಿಸಿಕೊಂಡು ಹೋಗುವವರು ಇಲ್ಲಿ ಇದ್ದಾರೆ. ಅವರು ಕೊಡುವುದು ಕೂಲಿ ಮಾತ್ರ. ಬೀಜ ಏರಿತು ಎಂದು ಆ ಕೂಲಿಯನ್ನೂ ಏರಿಸಲು ಕಾರಣವೇ ಇಲ್ಲ. ಅದನ್ನು ಹಾಗೇ ಬಿಟ್ಟರೆ, ಪುಡಿಯ ಬೆಲೆ ಏರಿಸಿದ್ದು ಬೀಜಕ್ಕೋಸ್ಕರವೇ ಎಂದು ಬೇರೆ ಮಾತಿಲ್ಲದೆ ಗೊತ್ತಾಗುತ್ತದೆ.

ಪೂರ್ತಿ ದಾಟಿಸಿದಾಗಲೂ 96 ನಿಖರವಾಗಿ ಸಾಲುವುದಿಲ್ಲ. ಇದು ಸುಲಭಕ್ಕೆ ಕಣ್ಣಿಗೆ ಬೀಳದ ಖರ್ಚು. ಅಂಗಡಿಯಲ್ಲಿ ಯಾವಾಗಲೂ 300 ಕೆ.ಜಿ. ಬೀಜ ಇರಬೇಕು. ಮೊದಲು ಅದಕ್ಕೆ 90 ಸಾವಿರ ಹಾಕಿದ್ದರೆ ಸಾಕಿತ್ತು, ಈಗ 1 ಲಕ್ಷ 20 ಸಾವಿರ ಬೇಕು. ಹೋಟೆಲುಗಳಿಗೆ ತಿಂಗಳ ಉದ್ರಿಯಲ್ಲಿ 200 ಕೆ.ಜಿ. ಹೋಗುತ್ತದೆ. ಆ ಬಾಕಿಯೂ 90 ಸಾವಿರದಿಂದ 1,09,200ಕ್ಕೆ ಏರುತ್ತದೆ. ಎರಡೂ ಸೇರಿ ಹತ್ತಿರಹತ್ತಿರ 50 ಸಾವಿರ ಹೊಸದಾಗಿ ಹೊಂದಿಸಬೇಕು. ಲಾಭ ಮಾತ್ರ ಅಷ್ಟೇ. ತಿಂಗಳಿಗೆ ನೂರಕ್ಕೆ ಒಂದೂವರೆ ಬಡ್ಡಿ ಹಿಡಿದರೆ ಸುಮಾರು 740 ರೂಪಾಯಿ, ಕೆ.ಜಿ.ಗೆ ಒಂದೂಕಾಲು ರೂಪಾಯಿ ಬೀಳುತ್ತದೆ. ಮೊತ್ತ ಚಿಕ್ಕದು. ಆದರೆ ಆ 50 ಸಾವಿರ ಕೈಯಲ್ಲಿ ಇಲ್ಲದವರು ಮುಂದಿನ ಸಲ ಕಮ್ಮಿ ಬೀಜ ತರುತ್ತಾರೆ, ಅಲ್ಲಿಂದ ಅಂಗಡಿ ಸೊರಗುತ್ತದೆ. ಬೆಲೆ ಏರುವ ಕಾಲದಲ್ಲಿ ಅಂಗಡಿಗಳು ಮುಚ್ಚುವುದು ಸಾಮಾನ್ಯವಾಗಿ ನಷ್ಟದಿಂದಲ್ಲ, ಕೈಯಲ್ಲಿ ದುಡ್ಡು ಓಡಾಡದೆ. ಇದನ್ನೆಲ್ಲ ಸೇರಿಸಿ, ಸ್ವಲ್ಪ ಸವಕಳಿಗೂ ಇರಲಿ ಎಂದು ಬೆಲೆಯನ್ನು 550ಕ್ಕೆ ನಿಲ್ಲಿಸಿದೆವು. ಅರ್ಧ ಕೆ.ಜಿ.ಗೆ 225 ಇದ್ದದ್ದು 275.

ಹಾಗಾದರೆ ಗಿರಾಕಿಗೆ ಏನೂ ಬಿಟ್ಟುಕೊಡಬಾರದೇ? ಬಿಟ್ಟುಕೊಡಬಹುದು. ಹಣದಲ್ಲಲ್ಲ, ದಿನಗಳಲ್ಲಿ.

ಏರಿಕೆ ಬಂದ ದಿನ ಅಂಗಡಿಯಲ್ಲಿ ಹಳೇ ಬೆಲೆಯ 300 ಕೆ.ಜಿ. ಬೀಜ ಇತ್ತು. ಅದರಿಂದ 312 ಕೆ.ಜಿ. ಪುಡಿ ಆಗುತ್ತದೆ, ಹದಿನೈದು ದಿನದ ವ್ಯಾಪಾರ. ನಾಳೆಯಿಂದಲೇ ಅದನ್ನು ಹೊಸ ಬೆಲೆಗೆ ಮಾರಿದರೆ ಒಂದೇ ಏಟಿಗೆ 30 ಸಾವಿರ ಹೆಚ್ಚು ಬರುತ್ತಿತ್ತು. ಹೊಸ ಬೀಜ ತರಲು ಆ ದುಡ್ಡು ಬೇಕು, ಆದ್ದರಿಂದ ಇವತ್ತೇ ಏರಿಸು ಎನ್ನುವವರ ವಾದದಲ್ಲಿ ಹುರುಳಿಲ್ಲದೇ ಇಲ್ಲ. ಆದರೂ ನಾವು ಹಾಗೆ ಮಾಡಲಿಲ್ಲ. ಬೋರ್ಡಿನಲ್ಲಿ, "ಬೀಜದ ಬೆಲೆ ಕೆ.ಜಿ.ಗೆ 100 ರೂ. ಏರಿದೆ. ಈಗಿರುವ ಬೀಜ ಮುಗಿಯುವವರೆಗೆ ಹಳೇ ದರ. ನಂತರ 550" ಎಂದು ಬರೆದು ಹಾಕಿದೆವು. ಹೊಸ ಬೀಜಕ್ಕೆ ಬೇಕಾದ ಹಣದಲ್ಲಿ ಒಂದು ಪಾಲನ್ನು ಹಳೇ ಬಾಕಿ ವಸೂಲಿ ಮಾಡಿ ಹೊಂದಿಸಿದರು, ಉಳಿದದ್ದಕ್ಕೆ ಚಿಕ್ಕಮ್ಮನ ಉಳಿತಾಯ ಬಂತು. ಒಂದು ಎಚ್ಚರಿಕೆ ಬೇಕಾಯಿತು. ಬೋರ್ಡ್ ನೋಡಿದವರು ಐದೈದು ಕೆ.ಜಿ. ಕೇಳಲು ಶುರು ಮಾಡಿದರು. ಒಬ್ಬರಿಗೆ 1 ಕೆ.ಜಿ. ಮಾತ್ರ ಎಂದು ಕೆಳಗೆ ಒಂದು ಸಾಲು ಸೇರಿಸಬೇಕಾಯಿತು. ಇಲ್ಲದಿದ್ದರೆ ಹಳೇ ಬೀಜ ಮೂರೇ ದಿನದಲ್ಲಿ ಖಾಲಿಯಾಗಿ, ನಿಜವಾದ ಹಳೇ ಗಿರಾಕಿಗೆ ಏನೂ ಉಳಿಯುತ್ತಿರಲಿಲ್ಲ.

ಮೊದಲೇ ಪ್ಯಾಕ್ ಮಾಡಿ ಎಂ.ಆರ್.ಪಿ. ಹಾಕಿಟ್ಟ ಪೊಟ್ಟಣಗಳ ವಿಷಯದಲ್ಲಿ ಈ ಯೋಚನೆಗೇ ಜಾಗವಿಲ್ಲ. ಹಾಕಿದ ಬೆಲೆಗಿಂತ ಒಂದು ರೂಪಾಯಿ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಮೇಲೆ ಸ್ಟಿಕ್ಕರ್ ಅಂಟಿಸಿ ಏರಿಸುವಂತೆಯೂ ಇಲ್ಲ. ಬೆಲೆ ಇಳಿಸಲು ಮಾತ್ರ ಸ್ಟಿಕ್ಕರ್ ಹಾಕಬಹುದು, ಅದೂ ಹಳೇ ಬೆಲೆ ಮುಚ್ಚದಂತೆ. ಆದ್ದರಿಂದ ಬೆಲೆ ಹಾರಾಡುವ ಕಾಲದಲ್ಲಿ ತಿಂಗಳಿಗಾಗುವಷ್ಟು ಪೊಟ್ಟಣ ಕಟ್ಟಿಡುವುದು ಒಳ್ಳೆಯದಲ್ಲ.

ಹೋಟೆಲಿನವರ ಕಥೆ ಬೇರೆ. ಮನೆಯವರು ತಿಂಗಳಿಗೆ ಒಂದು ಕೆ.ಜಿ. ಒಯ್ದರೆ ಅವರಿಗೆ 100 ರೂಪಾಯಿ ಜಾಸ್ತಿ, ಬೇಸರ ಮಾಡಿಕೊಂಡು ಒಪ್ಪುತ್ತಾರೆ. ಹೋಟೆಲಿನವರು ತಿಂಗಳಿಗೆ 60 ಕೆ.ಜಿ. ತೆಗೆದುಕೊಂಡರೆ ಒಮ್ಮೆಗೇ 6 ಸಾವಿರ. ಅವರು ಬೇರೆ ಅಂಗಡಿ ನೋಡುತ್ತೇನೆ ಎಂದೇ ಮಾತು ಶುರು ಮಾಡುತ್ತಾರೆ. ಅವರ ಮುಂದೆ ಕೆ.ಜಿ. ಲೆಕ್ಕ ಬಿಟ್ಟು ಲೋಟದ ಲೆಕ್ಕ ಇಡಬೇಕು. ಒಂದು ಲೋಟಕ್ಕೆ 10 ಗ್ರಾಂ ಪುಡಿ ಹಾಕಿದರೂ ಕೆ.ಜಿ.ಗೆ 100 ಲೋಟ. ಕೆ.ಜಿ.ಗೆ 100 ಏರಿದರೆ ಲೋಟಕ್ಕೆ 1 ರೂಪಾಯಿ. ಆದರೆ ಅವರ ಕಷ್ಟವೂ ಸುಳ್ಳಲ್ಲ. 15ರ ಕಾಫಿಯನ್ನು 16 ಮಾಡಿದರೆ ಚಿಲ್ಲರೆ ತಾಪತ್ರಯ, 20 ಮಾಡಿದರೆ ಗಿರಾಕಿಯ ಮುಖ ಬಾಡುತ್ತದೆ. ಹಾಗಾಗಿ ಹೋಟೆಲುಗಳು ಎರಡು-ಮೂರು ಏರಿಕೆಗಳು ಒಟ್ಟಾಗುವವರೆಗೆ ಕಾದು, ಒಂದೇ ಸಲ ಬೋರ್ಡ್ ಬದಲಿಸುತ್ತವೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದಾಗ ಆ ಅವಕಾಶ ಸಿಕ್ಕಿತು. ಲೀಟರಿಗೆ ಹತ್ತು ಲೋಟ ಎಂದರೆ ಹಾಲಿನಿಂದ ಆದದ್ದು ಲೋಟಕ್ಕೆ 40 ಪೈಸೆ. ಪುಡಿಯದ್ದು ಅದಕ್ಕಿಂತ ದೊಡ್ಡದು, ಆದರೆ ಜನಕ್ಕೆ ಗೊತ್ತಾಗುವುದು ಹಾಲಿನ ಬೆಲೆ.

ಅದಕ್ಕೇ ಹೋಟೆಲುಗಳಿಗೆ ಎರಡು ಮೆಟ್ಟಿಲು ಮಾಡಿದೆವು. ಮೊದಲ ತಿಂಗಳು 500, ಎರಡನೇ ತಿಂಗಳಿಂದ 550. ಇದರಿಂದ ಅಂಗಡಿಗೆ ಬಿದ್ದ ಭಾರ 200 ಕೆ.ಜಿ.ಗೆ 50ರಂತೆ 10 ಸಾವಿರ, ಒಂದೇ ಸಲ. 60 ಕೆ.ಜಿ. ಕೊಳ್ಳುವ ಒಂದು ಹೋಟೆಲು ಬಿಟ್ಟುಹೋದರೆ ತಿಂಗಳು ತಿಂಗಳೂ 6,360 ಹೋಗುತ್ತದೆ. ಎರಡು ತಿಂಗಳಲ್ಲೇ ಆ 10 ಸಾವಿರ ದಾಟಿಬಿಡುತ್ತದೆ. ಅರ್ಧ-ಅರ್ಧಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಇದಕ್ಕೆ ಕೊನೆಯ ದಿನ ಇದೆ. ಆ ದಿನವನ್ನು ಬಾಯಲ್ಲಿ ಹೇಳಿದರೆ ಸಾಲದು. ಮೊದಲ ಬಿಲ್ಲಿನಲ್ಲೇ "ಜೂನ್ 1ರಿಂದ 550" ಎಂದು ಬರೆದು ಕೊಡಬೇಕು. ಚಿಕ್ಕಪ್ಪ ಒಬ್ಬರಿಗೆ ಮಾತ್ರ ಸ್ನೇಹಕ್ಕೆ ಕಟ್ಟುಬಿದ್ದು ಬರೆಯಲಿಲ್ಲ. ಆಗಸ್ಟ್‌ವರೆಗೂ ಅವರು 500ರಲ್ಲೇ ಇದ್ದರು. ಕೊನೆಗೆ ಕೇಳಿದಾಗ, "ಏನಣ್ಣ, ಮತ್ತೆ ಏರಿಸ್ತೀರಾ?" ಎಂದರು. ಅವರಿಗೆ ಅದು ಹಳೇ ಬಾಕಿ ಎಂದು ಅನ್ನಿಸಲೇ ಇಲ್ಲ, ಹೊಸ ಏರಿಕೆ ಅನ್ನಿಸಿತು.

ಬೆಲೆ ಏರಿಸದೆ ಏರಿಕೆ ದಾಟಿಸುವ ಕಳ್ಳದಾರಿ ಒಂದಿದೆ, ಚಿಕೋರಿ. 20 ಪಾಲನ್ನು 30 ಮಾಡಿದರೆ ಕೆ.ಜಿ.ಗೆ 120 ಗ್ರಾಂ ಹಸಿ ಬೀಜ ಉಳಿಯುತ್ತದೆ, 48 ರೂಪಾಯಿ. ಚಿಕೋರಿಗೆ 15 ಜಾಸ್ತಿ. ಉಳಿತಾಯ 33. 40 ಪಾಲು ಮಾಡಿದರೆ 66. ಚಿಕೋರಿ ಸೇರಿಸುವುದೇನೂ ತಪ್ಪಲ್ಲ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ 51 ಪಾಲಿಗಿಂತ ಕಮ್ಮಿ ಇರಬಾರದು, ಮತ್ತು ಎಷ್ಟು ಕಾಫಿ ಎಷ್ಟು ಚಿಕೋರಿ ಎಂದು ಪೊಟ್ಟಣದ ಮೇಲೆ ಇರಬೇಕು. 80-20 ಎಂದು ಹೇಳಿ 60-40 ಕೊಡುವುದು ಮೋಸ. ಅದು ಮುಚ್ಚಿಟ್ಟರೂ ಉಳಿಯುವುದಿಲ್ಲ. ಡಿಕಾಕ್ಷನ್ ಕಪ್ಪಗೆ ಮಂದವಾಗಿ ಇಳಿಯುತ್ತದೆ, ಆದರೆ ಪರಿಮಳ ಇರುವುದಿಲ್ಲ, ಕೊನೆಗೆ ನಾಲಿಗೆಯ ಮೇಲೆ ಸಿಹಿಗಹಿ ನಿಲ್ಲುತ್ತದೆ. ಮನೆಯಲ್ಲಿ ನೋಡಬೇಕಾದರೆ ಒಂದು ಗಾಜಿನ ಲೋಟದಲ್ಲಿ ತಣ್ಣೀರು ತೆಗೆದುಕೊಂಡು ಮೇಲೆ ಚಿಟಿಕೆ ಪುಡಿ ಉದುರಿಸಿ. ಕಾಫಿ ತೇಲುತ್ತದೆ. ಚಿಕೋರಿ ಕಂದು ಗೆರೆ ಎಳೆಯುತ್ತಾ ಬೇಗ ತಳಕ್ಕೆ ಹೋಗುತ್ತದೆ. ಎಷ್ಟು ಪಾಲು ಎಂದು ಇದರಿಂದ ಅಳೆಯಲಾಗದು. ಹಳೇ ಪುಡಿ ಒಂದು ಲೋಟ, ಹೊಸದು ಒಂದು ಲೋಟ ಪಕ್ಕಪಕ್ಕ ಇಟ್ಟರೆ ಜಾಸ್ತಿಯಾಗಿದ್ದು ಗೊತ್ತಾಗುತ್ತದೆ.

ಅದನ್ನೇ ಎದುರೆದುರೇ ಮಾಡಿದರೆ ಗಿರಾಕಿಗೆ ಉಪಕಾರ. 80-20 ಬೇಕಾದರೆ 550, 70-30 ಸಾಕಾದರೆ 517 ಎಂದು ಎರಡು ಡಬ್ಬಿ ಇಟ್ಟೆವು. ಒಂದು ಹೋಟೆಲು ಕೂಡಲೇ 70-30ಕ್ಕೆ ಹೋಯಿತು. ಮನೆಯವರಲ್ಲಿ ಹೆಚ್ಚಿನವರು ಅದನ್ನು ಮುಟ್ಟಲಿಲ್ಲ, ಕೆಲವರು ವಾರಕ್ಕೆ ಒಯ್ಯುವ ಪುಡಿಯನ್ನೇ ಸ್ವಲ್ಪ ಕಮ್ಮಿ ಮಾಡಿದರು. ಮೊದಲ ತಿಂಗಳ ವ್ಯಾಪಾರ 600ರಿಂದ 540 ಕೆ.ಜಿ.ಗೆ ಇಳಿಯಿತು. ಮೂರು ತಿಂಗಳ ಹೊತ್ತಿಗೆ 570ಕ್ಕೆ ಬಂತು. ಚಿಕ್ಕಪ್ಪ ಹೆದರಿದ್ದ ಅರ್ಧ ವ್ಯಾಪಾರ ಎಲ್ಲೂ ಹೋಗಲಿಲ್ಲ.

ಇಳಿಯುವಾಗಿನ ಮಾತು ಉಳಿದಿದೆ. ಅದನ್ನು ಯಾರೂ ಏರಿಸುವ ದಿನ ಯೋಚಿಸುವುದಿಲ್ಲ. 2025ರ ಶುರುವಿನಲ್ಲಿ ಲಂಡನ್‌ನಲ್ಲಿ ರೊಬಸ್ಟಾ ಟನ್ನಿಗೆ 5,500 ಡಾಲರಿನ ಮೇಲೆ ಇತ್ತು, ಜುಲೈ ಹೊತ್ತಿಗೆ 4,000ಕ್ಕಿಂತ ಕೆಳಗೆ ಬಂತು. ಇಲ್ಲಿ ಚೀಲದ ಬೆಲೆಯೂ ಅದರ ಹಿಂದೆಯೇ ಇಳಿಯಿತು. ಬೆಳೆಗಾರ ಗಿರಾಕಿಗಳು ಕೇಳಿಯೇ ಕೇಳುತ್ತಾರೆ: "ನಮ್ಮ ಚೀಲ ಇಳೀತಲ್ಲ, ನಿಮ್ಮ ಪುಡಿ ಯಾವಾಗ?"

ಏರಿಸುವಾಗ ಹಳೇ ಬೀಜ ಮುಗಿಯುವವರೆಗೆ ಹಳೇ ದರಕ್ಕೇ ಕೊಟ್ಟಿದ್ದರ ಫಲ ಆಗ ಸಿಕ್ಕಿತು. ಇಳಿಯುವ ದಿನ ಅಂಗಡಿಯಲ್ಲಿ ದುಬಾರಿ ಬೀಜ ಇರುತ್ತದೆ. ಅದನ್ನು ಮುಗಿಸಲು ಹದಿನೈದು ದಿನ ಕೇಳಿದರೆ ಯಾರೂ ತಕರಾರು ಮಾಡಲಿಲ್ಲ, ಆ ನಿಯಮ ಅವರ ಪರವಾಗಿ ಒಮ್ಮೆ ನಡೆದದ್ದು ಅವರಿಗೆ ನೆನಪಿತ್ತು. ಏರಿದ ದಿನವೇ ಬೋರ್ಡ್ ಬದಲಿಸಿದ ಅಂಗಡಿಗೆ, ಇಳಿದ ದಿನವೂ ಬದಲಿಸು ಎಂದು ಜನ ಹೇಳುತ್ತಾರೆ, ಹೇಳಬೇಕಾದ್ದೂ ಹಾಗೆಯೇ. ಆದರೆ ಇದಕ್ಕೂ ಮಿತಿ ಇದೆ. ಪಕ್ಕದ ಅಂಗಡಿಯಲ್ಲಿ ಸ್ಟಾಕ್ ಕಮ್ಮಿ ಇದ್ದು ಅವರು ನಾಲ್ಕೇ ದಿನದಲ್ಲಿ ಇಳಿಸಿದರೆ ಹದಿನೈದು ದಿನ ಕಾಯುವುದು ಆಗುವುದಿಲ್ಲ. ಅದಕ್ಕೇ ಬೆಲೆ ತುದಿಗೆ ಹೋಗಿ ತೂಗಾಡುವಾಗ 300 ಕೆ.ಜಿ.ಯ ಬದಲು 150 ಇಟ್ಟುಕೊಳ್ಳುವುದು ಕ್ಷೇಮ. ಸಾಗಣೆ ಖರ್ಚು ಸ್ವಲ್ಪ ಜಾಸ್ತಿಯಾಗುತ್ತದೆ, ಆದರೆ ದುಬಾರಿ ಬೀಜ ಮೈಮೇಲೆ ಬೀಳುವುದಿಲ್ಲ.

ಈಗ ಚಿಕ್ಕಪ್ಪನ ಬೋರ್ಡಿನಲ್ಲಿ ಪುಡಿಯ ದರದ ಕೆಳಗೆ ಇನ್ನೊಂದು ಸಾಲು ಇದೆ: "ಬೀಜ 25 ರೂ. ಏರಿದರೆ ಅಥವಾ ಇಳಿದರೆ ಪುಡಿ 24 ರೂ. ಏರುತ್ತದೆ ಅಥವಾ ಇಳಿಯುತ್ತದೆ." ಆ 960 ಗ್ರಾಂ ಲೆಕ್ಕವೇ ಅದು. ಅದಕ್ಕಿಂತ ಚಿಕ್ಕ ಏರಿಳಿತಕ್ಕೆ ದರ ಬದಲಿಸುವುದಿಲ್ಲ. ಕಳೆದ ತಿಂಗಳು ಸಂತೆಗೆ ಬಂದ ಅಜ್ಜಿಯೊಬ್ಬರು ಅದನ್ನು ಬೆರಳಿಟ್ಟು ಓದಿ, "25ಕ್ಕೆ 24 ಯಾಕೆ, ಒಂದು ರೂಪಾಯಿ ಎಲ್ಲಿ ಹೋಯ್ತು?" ಎಂದು ಕೇಳಿದರು. ಚಿಕ್ಕಪ್ಪ ಒಂದು ಹಿಡಿ ಹಸಿ ಬೀಜ, ಒಂದು ಹಿಡಿ ಹುರಿದ ಬೀಜ, ಒಂದು ಚಮಚ ಚಿಕೋರಿ ತಂದು ಕೌಂಟರಿನ ಮೇಲೆ ಇಟ್ಟು, ತೂಕ ಹಾಕಿ ತೋರಿಸಲು ಕೂತರು.